ಈ ಕಡೆಗೆ ಬಂದಾಗ ನಮ್ಮ ಮನೆಗೂ ಬಂದು ಹೋಗಿ

೧೯೫೫, ಮೇ ೨೦
ತಾಂಗೊ ಕರಾವಳಿ

ಚಿಗುಸಾಗೆ,

ನನ್ನ ಅಕ್ಷರ ಕೆಟ್ಟದಾಗಿದೆ, ತಪ್ಪುಗಳೂ ಬಹಳ ಇರುತ್ತವೆ, ಮೊದಲೇ ಕ್ಷಮಿಸಿಬಿಡು. ಪ್ರಾಥಮಿಕ ಶಾಲೆ ಮುಗಿಸಿದ ವರ್ಷ ಅಮ್ಮ ಹಾಸಿಗೆ ಹಿಡಿದಳು. ಅಲ್ಲಿಂದ ಈಚೆಗೆ ನನ್ನ ಕೈ ಹಿಡಿದದ್ದೆಲ್ಲ ಮೀನು ಸೀಳುವ ಚೂರಿಯನ್ನೇ. ಓದಲು ಆಗದ ಕಡೆ ನೀನೇ ಊಹಿಸಿಕೊಳ್ಳಬೇಕು.

ನಾನು ಸುಖವಾಗಿ ಊರು ಸೇರಿದೆ. ಕೊನೆಯ ಬಸ್ಸು ಇಳಿದು ಕೆಳಗೆ ಬಂದಾಗ ಅಜ್ಜಿ ನಮ್ಮ ದೋಣಿಮನೆಯ ಮುಂದೆಯೇ ನಿಂತಿದ್ದಳು. ಕೈಕಾಲು ತೊಳೆಯುವುದಕ್ಕೂ ಬಿಡದೆ "ಕೂಸು ಹೆಂಗೈತೆ? ದಪ್ಪ ಆಗೈತಾ?" ಎಂದು ಕೇಳಿದಳು. ನಿನಗೆ ಹತ್ತೊಂಬತ್ತು ತುಂಬಿದ್ದರೂ ಅವಳ ಪಾಲಿಗೆ ನೀನು ಯುದ್ಧದ ವರ್ಷ ಬಾಂಬಿಗೆ ಹೆದರಿ ಪಟ್ಟಣ ಬಿಟ್ಟ ಶಾಲೆಯ ಮಕ್ಕಳ ಜೊತೆ ನಮ್ಮೂರ ಗುಡಿಗೆ ಬಂದು, ಜ್ವರ ಹಿಡಿದು, ನಮ್ಮ ಮನೆ ಸೇರಿದ ಕೂಸೇ.

ನಿಮ್ಮ ಮನೆಯಿಂದ ವಸಂತದಲ್ಲಿ ಆ ಕಾರ್ಡು ಬಂದಾಗ ಅಜ್ಜಿ ನನ್ನಿಂದ ಮತ್ತೆ ಮತ್ತೆ ಓದಿಸಿದ್ದಳು. 'ಮನೆ ಬದಲಾಯಿಸಿದ್ದೇವೆ. ಈ ಕಡೆಗೆ ಬಂದಾಗ ದಯವಿಟ್ಟು ನಮ್ಮ ಮನೆಗೂ ಬಂದು ಹೋಗಿ.' ಅಜ್ಜಿ ಅಂದಳು, "ಹತ್ತು ವರ್ಷ ಆದ್ಮೇಲೆ ಕರೀತಾವ್ರೆ. ಹೋಗ್ದೆ ಇದ್ರೆ ಏನಂದ್ಕೊಂಡಾರು?" ಮೊದಲು ಒಂದು ಪತ್ರ ಹಾಕೋಣ ಅಂದದ್ದಕ್ಕೆ, "ಕರೆದೋರ ಮನೆಗೆ ಹೋಗೋಕೆ ಅಪ್ಪಣೆ ಬೇರೆ ಕೇಳ್ತಾರೇನೆ?" ಅಂದಳು. ಕ್ಯೋಟೊ ಅಷ್ಟು ದೂರ ಅಂದದ್ದಕ್ಕೆ, "ನಾವೂ ಕ್ಯೋಟೊ ಜಿಲ್ಲೆಯೋರೇ. ಅದೇನು ದೂರ" ಅಂದಳು. ಬೆಳಿಗ್ಗೆ ಬಸ್ಸು ಹತ್ತಿ, ಮಿಯಾಜುವಿನಲ್ಲಿ ರೈಲು ಹಿಡಿದು, ಮತ್ತೆ ರೈಲು ಬದಲಿಸಿ ನಾನು ನಿಮ್ಮ ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ನಿನ್ನ ಅಮ್ಮ ಎಷ್ಟು ಒಳ್ಳೆಯವರು. ಬಾಗಿಲಲ್ಲಿ ಮಂಡಿಯೂರಿ, "ಅಯ್ಯೋ, ಅಷ್ಟು ದೂರದಿಂದ. ಮನೆ ಹರಡಿಕೊಂಡು ಬಿದ್ದಿದೆ, ಕಾಲಿಡೋಕೂ ಜಾಗ ಇಲ್ಲ, ಆದ್ರೂ ಮೇಲೆ ಬನ್ನಿ" ಅಂದರು. ನಾನು ಚಪ್ಪಲಿ ಕಳಚಿ ಹೊಸ್ತಿಲ ಹಲಗೆಯ ಮೇಲೇರಿ ಒಳಗೆ ಬಂದುಬಿಟ್ಟೆ. ಹರಡಿದೆ ಅಂದರಲ್ಲ ಎಂದು ಪೊರಕೆ ಎಲ್ಲಿದೆ ಅಂತ ಕೇಳಿದೆ. ಅವರು ನಕ್ಕರು. ನನಗೆ ಏನೂ ಹರಡಿದಂತೆ ಕಾಣಲಿಲ್ಲ. ನಿಮ್ಮಲ್ಲಿ ದಿನವೂ ಅಂಥ ಊಟವೇ? ಅರಗು ಬಳಿದ ಊಟದ ಪೆಟ್ಟಿಗೆಯಲ್ಲಿ ಹೂವಿನಂತೆ ಕತ್ತರಿಸಿದ ಕ್ಯಾರೆಟ್ಟು, ಆ ಹಳದಿ ಮೊಟ್ಟೆಯ ಸುರುಳಿ. ಅಜ್ಜಿಗೆ ಅದೆಲ್ಲ ಹೇಳಿದೆ. ನಾನು ತಂದ, ಉಪ್ಪು ತವಡಿನಲ್ಲಿ ಹೂತಿಟ್ಟ ಬಂಗುಡೆಯ ಮರದ ಮರಿಗೆ ನಿಮ್ಮ ಮನೆಯನ್ನೆಲ್ಲ ನಾತ ಹೊಡೆಸಿತೇನೋ. ಸ್ವಲ್ಪವೇ ಕೆಂಡದ ಮೇಲೆ ಸುಟ್ಟು ಅನ್ನದ ಜೊತೆ ತಿನ್ನಿ. ನೀನು ಮಾತಾಡಲೇ ಇಲ್ಲ. ನಾನೂ ಹಾಗೆಯೇ, ನಾಚಿಕೆಯವಳು, ಅದಕ್ಕೇ ತಿಳಿಯುತ್ತದೆ.

ಮರುದಿನ ಹೊರಟಾಗ ನಿನ್ನ ಅಮ್ಮ, "ಇಷ್ಟು ಬೇಗ ಹೊರಟ್ರಾ? ಮುಂದಿನ ಸಲ ಅಜ್ಜೀನೂ ಕರ್ಕೊಂಡು ಸಾವಕಾಶವಾಗಿ ಬನ್ನಿ" ಅಂದರು. ಅದನ್ನು ಹೇಳಿದ್ದೇ ತಡ, ಅಜ್ಜಿ ಹಬ್ಬದ ಕಿಮೊನೊ ಪೆಟ್ಟಿಗೆಯಿಂದ ತೆಗೆದು ಕೂತಿದ್ದಾಳೆ. ಬೇಸಿಗೆಯ ಮೀನು ಒಣಗಿಸುವ ಕೆಲಸ ಮುಗಿದ ಮೇಲೆ, ಶರತ್ಕಾಲದಲ್ಲಿ ಇಬ್ಬರೂ ಬರುತ್ತೇವೆ.

ಇಂತಿ,
ಹಮನೊ ನುಯಿ


ಜೂನ್ ೩
ಕ್ಯೋಟೊ

ಹಮನೊ ನುಯಿ ಅವರಿಗೆ,

ಮಳೆಗಾಲ ಹತ್ತಿರವಾಗುತ್ತಿದೆ. ತಾವೆಲ್ಲರೂ ಆರೋಗ್ಯದಿಂದ ಇರುವಿರೆಂದು ನಂಬುತ್ತೇನೆ.

ಮೊನ್ನೆ ತಾವು ಅಷ್ಟು ದೂರದಿಂದ ಬಂದಾಗ ಸರಿಯಾಗಿ ಉಪಚರಿಸಲು ಆಗಲಿಲ್ಲ. ಅದಕ್ಕೆ ಕ್ಷಮೆ ಇರಲಿ. ಅಪರೂಪದ ಉಡುಗೊರೆಗಾಗಿ ಅಮ್ಮ ತಮಗೆ ತುಂಬ ಕೃತಜ್ಞತೆ ತಿಳಿಸಿದ್ದಾರೆ.

ಶರತ್ಕಾಲದ ವಿಚಾರವನ್ನು ಅಮ್ಮನೊಂದಿಗೆ ಮಾತಾಡಿ ನಿಧಾನವಾಗಿ ಯೋಚಿಸುತ್ತೇವೆ. ಅಜ್ಜಿಯವರಿಗೆ ಈ ವಯಸ್ಸಿನಲ್ಲಿ ಪ್ರಯಾಣ ಆಯಾಸವಾದೀತೆಂದು ಅಮ್ಮನಿಗೆ ಚಿಂತೆ. ಅವರ ಆರೋಗ್ಯದ ಕಡೆ ಗಮನವಿರಲಿ.

ವಿನಯಪೂರ್ವಕ,
ಕಿತಮುರ ಚಿಗುಸಾ


ಜುಲೈ ೮

ಚಿಗುಸಾಗೆ,

ನಿನ್ನ ಪತ್ರ ಅಜ್ಜಿಗೆ ಓದಿ ಹೇಳಿದೆ. ಅಕ್ಷರ ಎಷ್ಟು ಚೆಂದ ಎಂದು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅವಳಿಗೆ ಓದಲು ಬಾರದಿದ್ದರೂ. ಆಮೇಲೆ ದೇವರ ಗೂಡಿನಲ್ಲಿ ನಿಮ್ಮ ಕಾರ್ಡಿನ ಪಕ್ಕದಲ್ಲಿ ಇಟ್ಟಳು.

ನಿನ್ನ ಅಮ್ಮ ಚಿಂತೆ ಮಾಡುವುದು ಬೇಡ. ಅಜ್ಜಿ ದಿನವೂ ಬೆಳಿಗ್ಗೆ ಗುಡಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಕೇಳಿದರೆ "ಕಾಲು ಪಳಗಿಸ್ತಾ ಇವ್ನಿ. ಕ್ಯೋಟೊದಾಗೆ ಕೂಸಿನ್ ಮುಂದೆ ಕುಂಟಕ್ಕಾಯ್ತದಾ?" ಅನ್ನುತ್ತಾಳೆ. ಚಳಿಗಾಲದಲ್ಲಿ ಎದೆಯ ನೋವಿಂದ ಮಲಗಿದವಳು. ಇನ್ನು ಏಳುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಈಗ ಅವಳನ್ನು ನೋಡಿದರೆ ನೀನು ನಂಬುವುದಿಲ್ಲ.

ನಿನಗಾಗಿ ಒಂದು ಜೊತೆ ಬಟ್ಟೆಯ ಕಾಲುಚೀಲ ಹೊಲಿಯುತ್ತಿದ್ದಾಳೆ. ಅಳತೆ ಬೇಡವಾ ಅಂದರೆ ಅಂದಾಜು ಗೊತ್ತು ಅನ್ನುತ್ತಾಳೆ. ಕೈಯಲ್ಲಿ ತೋರಿಸಿದ ಅಳತೆ ಒಂಬತ್ತು ವರ್ಷದ ಹುಡುಗಿಯದು. ಬಟ್ಟೆ ಕತ್ತರಿಸುವಾಗ ನಾನು ಒಳಗೆ ಮಡಚುವ ಅಂಚು ಅಗಲವಾಗಿ ಬಿಟ್ಟೆ.

ಅಕ್ಟೋಬರಿನಲ್ಲಿ ಯಾವ ದಿನ ಅನುಕೂಲ? ಯೋಚಿಸುತ್ತೇವೆ ಅಂದಿದ್ದೆಯಲ್ಲ, ಯೋಚಿಸಿ ಆದಮೇಲೆ ಬರೆ.

ನುಯಿ


ಆಗಸ್ಟ್ ೨೮

ಕಿತಮುರ ಚಿಗುಸಾ ಅವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಏಕೆ ಬರಲಿಲ್ಲ ಎಂದು ಈಗ ನನಗೆ ಗೊತ್ತು. ಹಾಗಾಗಿ ಇದಕ್ಕೂ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಮೀನುಗಾರರ ಸಂಘದ ಆಫೀಸು ಹೊಸ ಕಟ್ಟಡಕ್ಕೆ ಹೋಯಿತು. ಅದನ್ನು ಎಲ್ಲರಿಗೂ ತಿಳಿಸುವ ಕಾರ್ಡು ಅಚ್ಚು ಹಾಕಿಸಿಕೊಂಡು ಬಾ ಎಂದು, ಒಣಮೀನು ಮಾರಲು ಹೊರಟ ನನಗೇ ಹೇಳಿದರು. ಮಿಯಾಜುವಿನ ಅಚ್ಚುಕೂಟದ ಮುದುಕರು ಮಾದರಿಗಳನ್ನು ಅಂಟಿಸಿದ ಹಲಗೆ ನನ್ನ ಮುಂದೆ ಇಟ್ಟರು. ಮೊದಲನೆಯದರಲ್ಲೇ ಇತ್ತು: 'ಈ ಕಡೆಗೆ ಬಂದಾಗ ದಯವಿಟ್ಟು ನಮ್ಮ ಮನೆಗೂ ಬಂದು ಹೋಗಿ.' ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ.

"ಇವರೆಲ್ಲ ಕ್ಯೋಟೊದ ಕಿತಮುರ ಅವರ ನೆಂಟರಾ?" ಎಂದು ನಾನು ಕೇಳಿದೆ. ನಿಜವಾಗಿಯೂ ಕೇಳಿದೆ.

ಮುದುಕರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. "ಇದು ಎಲ್ರೂ ಹಾಕಿಸೋ ಸಾಲು ಕಣಮ್ಮ. ಇದರ ಅಚ್ಚುಮೊಳೆ ನಾನು ಬಿಚ್ಚೋದೇ ಇಲ್ಲ, ಜೋಡಿಸಿದ್ದು ಜೋಡಿಸಿದಂಗೇ ಇರ್ತದೆ. ಮೇಲಿನ ಹೆಸರು ವಿಳಾಸ ಮಾತ್ರ ಬದಲಾಯಿಸ್ತೀನಿ."

"ಹಾಗಾದ್ರೆ ಬರೋದು ಬೇಡ ಅಂತಲಾ?"

"ಬೇಡ ಅಂತ ಎಲ್ಲಿದೆ? ಬೀದೀಲಿ ಪರಿಚಯದವರು ಸಿಕ್ಕಿದ್ರೆ ತಲೆ ಬಾಗಿಸ್ತೀಯಲ್ಲ, ಇದು ಕಾಗದದಲ್ಲಿ ತಲೆ ಬಾಗಿಸೋದು. ಮನೆ ಬದಲಾಯ್ತು, ನಮ್ಮ ನಿಮ್ಮ ಸಂಬಂಧ ಇದ್ದಂಗೇ ಇರ್ಲಿ ಅಂತ. ಈ ಸಾಲು ಬಿಟ್ಟು ಬರೀ ವಿಳಾಸ ಹಾಕಿದ್ರೆ ಮುಖದ ಮೇಲೆ ಬಾಗಿಲು ಹಾಕಿದಂಗೆ."

"ಯಾರಾದ್ರೂ ನಿಜವಾಗ್ಲೂ ಹೋದ್ರೆ?"

"ಹತ್ತಿರದೋರಾದ್ರೆ ಹೋಗಬಹುದು. ಮೊದ್ಲು ಒಂದು ಪತ್ರ ಹಾಕಿ, ಅವ್ರು ಇಂಥ ದಿನ ಬನ್ನಿ ಅಂತ ಬರೆದ್ಮೇಲೆ. ಹಾಗೇ ದಾರೀಲಿ ಹೋದೋರು ಹೊಸ್ತಿಲ ಹಲಗೆ ಮೇಲೆ ಒಂದು ಚಣ ಕೂತು, ಒಂದು ಬಟ್ಟಲು ಚಹಾ ಕುಡಿದು ಏಳ್ತಾರೆ. ಮೇಲೆ ಬನ್ನಿ ಅಂತಾರೆ, ಇವ್ರು ಇಲ್ಲ ಇಲ್ಲ ಅಂತಾರೆ. ಮತ್ತೆ ಅಂತಾರೆ, ಮತ್ತೆ ಇಲ್ಲ ಅಂತಾರೆ. ಅಷ್ಟು ಆದ್ಮೇಲೂ ಬಿಡದೆ ಕೈ ಹಿಡಿದು ಎಳೆದ್ರೆ ಆಗ ಚಪ್ಪಲಿ ಬಿಚ್ಚಬೇಕು. ನಿಜವಾಗಿ ಕರೆಯೋರ ಮಾತಲ್ಲಿ ತಾರೀಕು ಇರ್ತದೆ ಮಗ. ತಾರೀಕು ಇಲ್ದಿದ್ರೆ ಅದು ನಮಸ್ಕಾರ."

'ನಿಧಾನವಾಗಿ ಯೋಚಿಸುತ್ತೇವೆ' ಅಂದರೆ ಏನು ಎಂದು ಕೇಳಿದೆ. ಅವರು ಹಲಗೆಯನ್ನು ಒರೆಸಿದರು. ಆಮೇಲೆ, "ಅದೂ ನೋಯಿಸಬಾರದು ಅಂತ ಹೇಳೋದೇ. ಕೇಳಿದೋರು ಇನ್ನೊಂದ್ಸಲ ಕೇಳದೆ ಸುಮ್ಮನಾಗಬೇಕು, ಹೇಳಿದೋರು ಆಗಲ್ಲ ಅನ್ನೋ ಮಾತು ಬಾಯಲ್ಲಿ ಆಡೋ ಹಂಗಿರಬಾರದು. ಇಬ್ರಿಗೂ ಮುಖ ಉಳೀತದೆ" ಅಂದರು. ನಾನು ಇನ್ನೊಂದು ಸಲ ಕೇಳಿದ್ದೆನಲ್ಲ. ತಾರೀಕು ಕೊಡು ಎಂದು ಬರೆದಿದ್ದೆನಲ್ಲ.

ಅವರು ನನಗೂ ಚಹಾ ಕೊಟ್ಟರು. ಹೊಸ್ತಿಲ ಹಲಗೆಯ ಮೇಲೆ ಕೂತೇ ಕುಡಿದೆ.

ಬಸ್ಸಿನಲ್ಲಿ ಬರುವಾಗ ಎಲ್ಲವೂ ಒಂದೊಂದಾಗಿ ನೆನಪಾಯಿತು. ಮೊದಲ ಮಾತಿಗೇ ಮೇಲೆ ಹತ್ತಿದ್ದು. ಪೊರಕೆ ಕೇಳಿದ್ದು. ನಿಮ್ಮ ಅಮ್ಮ ನಕ್ಕದ್ದು. ನೀವು ಹಿಂದಿನ ಬಾಗಿಲಿನಿಂದ ಹೋಗಿ ಸ್ವಲ್ಪ ಹೊತ್ತಿನ ನಂತರ ಮೆಲ್ಲಗೆ ಬಂದದ್ದು. ಹೇಳದೆ ಬಂದು ಒಂದು ರಾತ್ರಿ ಉಳಿದದ್ದು. ನಿಮ್ಮ ಅಮ್ಮನ ಮುಂದೆ ಹಣೆ ನೆಲಕ್ಕಿಟ್ಟು ಕ್ಷಮೆ ಕೇಳುತ್ತೇನೆ ಎಂದು ತಿಳಿಸಿ. ನಮ್ಮಲ್ಲಿ ಊಟಕ್ಕೆ ಬಾ ಅಂದರೆ ತಟ್ಟೆ ಹಾಕಿರುತ್ತಾರೆ. ಅದಕ್ಕಿಂತ ಹೆಚ್ಚು ನನಗೆ ತಿಳಿದಿರಲಿಲ್ಲ.

ಅಕ್ಟೋಬರಿನಲ್ಲಿ ನಾವು ಬರುವುದಿಲ್ಲ. ಅಜ್ಜಿಗೆ ಇನ್ನೂ ಹೇಳಿಲ್ಲ. ಇವತ್ತೂ ಮೆಟ್ಟಿಲು ಹತ್ತಿ ಬಂದು, "ಎರಡು ಸಲ ಕೂತೆ, ಅಷ್ಟೇ" ಎಂದು ಹೇಳಿದಳು. ಏನೆಂದು ಹೇಳಬೇಕೋ ತಿಳಿಯದು. ಕಾರ್ಡು ಅಚ್ಚಿನದು ಎಂದು ಹೇಳಿದರೆ ಮೆಟ್ಟಿಲು ಹತ್ತುವುದನ್ನು ಬಿಟ್ಟುಬಿಡುತ್ತಾಳೆ ಎಂದು ಹೆದರಿಕೆ. ರೈಲಿನ ಹಳಿ ಕೆಟ್ಟಿದೆ ಎಂದು ಏನಾದರೂ ಸುಳ್ಳು ಹೇಳುತ್ತೇನೆ. ನೀವು ಚಿಂತೆ ಮಾಡಬೇಡಿ.

ವಿನಯಪೂರ್ವಕ,
ಹಮನೊ ನುಯಿ


ಸೆಪ್ಟೆಂಬರ್ ೨೦
ಕ್ಯೋಟೊ

ನುಯಿ ಅಕ್ಕ,

ನೀನು 'ನೀವು' ಎಂದು ಬರೆದ ಕಾಗದ ಓದಿ ಎಷ್ಟೋ ದಿನ ಪೆನ್ನು ಹಿಡಿಯಲಾಗಲಿಲ್ಲ. ಮೊದಲು 'ತಾವು' ಎಂದು ಬರೆದವಳು ನಾನೇ. ಈಗ ಚಿಕ್ಕಂದಿನಲ್ಲಿ ಕರೆದಂತೆಯೇ ಕರೆಯುತ್ತೇನೆ.

ಅಚ್ಚುಕೂಟದ ತಾತ ಹೇಳಿದ್ದೆಲ್ಲ ನಿಜ. ಆ ಸಾಲನ್ನು ಅಮ್ಮ ಯೋಚಿಸಿ ಬರೆದದ್ದಲ್ಲ, ಕಾರ್ಡಿನ ಜೊತೆಗೇ ಬಂದದ್ದು. ಆದರೆ ತಾತನಿಗೆ ತಿಳಿಯದ ಕೆಲವು ಸಂಗತಿ ಇವೆ.

ನಾವು ಮನೆ ಬದಲಾಯಿಸಿದ್ದಲ್ಲ, ಮನೆ ಕಳೆದುಕೊಂಡದ್ದು. ನೂಲಿಗೆ ಬಣ್ಣ ಹಾಕುವ ಅಪ್ಪನ ಕಾರ್ಖಾನೆ ಚಳಿಗಾಲದಲ್ಲಿ ಸಾಲದಲ್ಲಿ ಮುಳುಗಿತು. ಅಪ್ಪ ಈಗ ಇನ್ನೊಬ್ಬರ ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ದಾರ ಅದ್ದುತ್ತಾರೆ. ಅದಕ್ಕೇ ಆ ದಿನ ನೀನು ಅವರನ್ನು ನೋಡಲಿಲ್ಲ. ಈ ಓಣಿಯ ಮನೆಯಲ್ಲಿ ಎರಡೇ ಕೋಣೆ. ನೀನು ಏನೂ ಹರಡಿಲ್ಲ ಎಂದು ಬರೆದಿದ್ದೀಯಲ್ಲ, ಹರಡಲು ನಮ್ಮ ಬಳಿ ಏನೂ ಉಳಿದಿರಲಿಲ್ಲ. ಮನೆಯನ್ನು ಯಾರೂ ನೋಡಬಾರದು ಎನ್ನುವುದೊಂದೇ ಅಮ್ಮನ ಚಿಂತೆಯಾಗಿತ್ತು. ಒಗೆದ ಬಟ್ಟೆಯನ್ನು ಕೂಡ ಒಳಗೇ ಒಣಗಿಸುತ್ತಿದ್ದರು. ಆದರೂ ಹಳೆಯ ಗಿರಾಕಿಗಳು, ನೆಂಟರು, ನೆರೆಯವರು, ಎಲ್ಲರಿಗೂ ಕಾರ್ಡು ಹಾಕಲೇಬೇಕು, ಹಾಕಿದರು. ಬಂದು ಹೋಗಿ ಎಂದು ಬರೆಯಲೇಬೇಕು, ಬರೆದರು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದುದರಿಂದ ಧೈರ್ಯವಾಗಿ ಬರೆದರು.

ಆಗ ನೀನು ಬಂದೆ. ಮೀನಿನ ಮರಿಗೆ ಹೊತ್ತುಕೊಂಡು.

ಹೌದು, ನಾನು ಹಿಂದಿನ ಬಾಗಿಲಿನಿಂದ ಓಡಿದ್ದು ಅಡುಗೆಯವರ ಅಂಗಡಿಗೆ. ಅತಿಥಿ ಬಂದರೆ ಅಲ್ಲಿಂದ ಊಟ ತರಿಸುವುದು ನಮ್ಮಲ್ಲಿ ಮರ್ಯಾದೆ. ನಾವು ಆ ದಿನ ಉಣ್ಣಬೇಕಿದ್ದದ್ದು ಸೊಪ್ಪಿನ ಗಂಜಿ. ನೀನು ಆ ಮೊಟ್ಟೆಯ ಸುರುಳಿಯನ್ನು ಅರ್ಧ ಮಾಡಿ ಅಮ್ಮನ ತಟ್ಟೆಗೆ ಹಾಕಿದೆ, ನೆನಪಿದೆಯಾ? "ನೀವೂ ತಿನ್ನಿ, ತುಂಬಾ ಚೆನ್ನಾಗಿದೆ" ಎಂದೆ. ನಮ್ಮಲ್ಲಿ ಅತಿಥಿ ಯಾರೂ ಹಾಗೆ ಮಾಡುವುದಿಲ್ಲ. ಅಮ್ಮ ಅದನ್ನು ತಿಂದರು. ನಾನು ಮಾತಾಡದಿದ್ದದ್ದು ನಾಚಿಕೆಯಿಂದಲ್ಲ ಅಕ್ಕ. ಮಾತಾಡಿದರೆ ಅತ್ತುಬಿಡುತ್ತೇನೆ ಅನ್ನಿಸಿತ್ತು. ನಿನ್ನ ಬಟ್ಟೆಯಿಂದ ನಿಮ್ಮ ಮನೆಯ ವಾಸನೆ ಬರುತ್ತಿತ್ತು.

ನೀನು ಹೋದ ಮೇಲೆ ಅಮ್ಮ ಮರಿಗೆಯನ್ನು ಸೂರಿನಡಿ ಹೊರಗಿಟ್ಟರು. ಎರಡು ದಿನ ಅದರ ಮಾತೇ ಎತ್ತಲಿಲ್ಲ. ಮೂರನೆಯ ದಿನ ಒಂದು ಚೂರು ಸುಟ್ಟರು. ಓಣಿಗೆಲ್ಲ ಘಮ ಹೋಯಿತು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನೋ ವಿಶೇಷ ಇದ್ದಂಗಿದೆ" ಎಂದು ಚುಚ್ಚಿದರು. ಅಮ್ಮ ಎದ್ದು ಬಾಗಿಲು ಪೂರ್ತಿ ತೆರೆದು, "ತಾಂಗೊದಿಂದ ನೆಂಟರು ಬಂದಿದ್ದರು, ಅವರು ತಂದದ್ದು" ಅಂದರು. ನೆಂಟರು ಅಂದರು. ಆಮೇಲೆ ಬಂದು ಕೂತು, "ತುಂಬಾ ಉಪ್ಪು" ಎಂದು ಗೊಣಗುತ್ತಾ ಇನ್ನೊಂದು ಬಟ್ಟಲು ಅನ್ನ ಹಾಕಿಕೊಂಡರು. ತಿನ್ನುತ್ತಾ ತಿನ್ನುತ್ತಾ ಹೇಳಿದರು, "ಎಷ್ಟು ಜನಕ್ಕೆ ಕಾರ್ಡು ಹಾಕಿದ್ವಿ. ಬಂದಿದ್ದು ಅವಳೊಬ್ಬಳೇ ನೋಡು."

ಮರುದಿನ ಬಟ್ಟೆ ಹೊರಗೆ ಒಣಗಿತು.

ಆದರೂ ಅಜ್ಜಿಯನ್ನು ಇಲ್ಲಿ ಮಲಗಿಸಲು ಜಾಗವಿಲ್ಲ ಎಂದು ನಿನಗೆ ಬರೆಯಲು ಅಮ್ಮನಿಂದಾಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಹಾಗಾಗಿ 'ಯೋಚಿಸುತ್ತೇವೆ' ಎಂದು ಬರೆದೆ. ನೀನು ತಿಳಿದುಕೊಳ್ಳಲಿಲ್ಲ. ಅಜ್ಜಿ ಮೆಟ್ಟಿಲು ಹತ್ತುತ್ತಿದ್ದಾರೆ ಎಂದು ನೀನು ಬರೆದೆ. ಅದನ್ನು ಓದಿದ ಮೇಲೆ ಬೇಡ ಎಂದು ಬರೆಯಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ.

ನಿಮ್ಮ ಮನೆಯಲ್ಲಿದ್ದ ಆ ಬೇಸಿಗೆ ನಾನು ಹಾಸಿಗೆ ಒದ್ದೆ ಮಾಡುತ್ತಿದ್ದೆ, ನಿನಗೆ ಗೊತ್ತಿತ್ತು, ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದೆವಲ್ಲ. ಗುಡಿಯಲ್ಲಿ ಅದಕ್ಕೇ ಎಲ್ಲರೂ ನಗುತ್ತಿದ್ದರು. ಅಜ್ಜಿ ಬೆಳಿಗ್ಗೆ ಎದ್ದು ಆ ಅಲೆಯ ಚಿತ್ತಾರದ ಹೊದಿಕೆಯನ್ನು ಬಿದಿರಿನ ಮೇಲೆ ಹರವಿ, ಇಡೀ ಕೇರಿಗೆ ಕೇಳುವಂತೆ, "ಈ ಹಾಳು ಬೆಕ್ಕು ಮತ್ತೆ ನೀರು ಚೆಲ್ತು" ಎಂದು ಬೈಯುತ್ತಿದ್ದರು. ಬೆಕ್ಕು ಮೂಲೆಯಲ್ಲಿ ಕೂತು ಪಾಪದ ಹಾಗೆ ನೋಡುತ್ತಿತ್ತು.

ಅಜ್ಜಿಗೆ ಸುಳ್ಳು ಹೇಳಬೇಡ ಅಕ್ಕ. ನಿಜವೂ ಹೇಳಬೇಡ. ಇಷ್ಟೇ ಹೇಳು: ನಾವೇ ಬರುತ್ತೇವೆ. ನಾನು ಮತ್ತು ಅಮ್ಮ, ಅಕ್ಟೋಬರ್ ಹದಿಮೂರು, ಗುರುವಾರ, ಸಂಜೆಯ ಬಸ್ಸಿಗೆ. ಆ ಕಡೆಗೆ ಬೇರೆ ಯಾವ ಕೆಲಸವೂ ಇಲ್ಲ. ದಾರಿಯಲ್ಲಿ ಸಿಕ್ಕಿತು ಎಂದು ಬರುವ ಊರೂ ಅದಲ್ಲ. ನಿಮ್ಮನ್ನು ನೋಡುವುದಕ್ಕೇ ಬರುತ್ತೇವೆ. ಅನುಕೂಲವಿಲ್ಲದಿದ್ದರೆ ಇಲ್ಲ ಎಂದು ನೇರವಾಗಿ ಬರೆ, ನಿಮ್ಮೂರಿನ ರೀತಿಯಲ್ಲಿ.

ಕೆಳಗಿನ ಸಾಲು ಅಮ್ಮನದು. ನಾನು ಹೇಳಿಕೊಟ್ಟದ್ದಲ್ಲ.

ನಿನ್ನ ತಂಗಿ,
ಚಿಗುಸಾ

ನುಯಿ, ಬರುವಾಗ ಮರಿಗೆ ತೊಳೆದು ತರುತ್ತೇನೆ. ಖಾಲಿಯಾಗಿದೆ.


ಅಕ್ಟೋಬರ್ ೧

ಚಿಗುಸಾ,

ಬಾ. ಹದಿಮೂರು, ಗುರುವಾರ, ಸಂಜೆಯ ಬಸ್ಸು. ಸಂಘದ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆ, ಅದು ಗುರುವಾರವೇ.

ಅಜ್ಜಿಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಮುಖ ಊದಿಸಿಕೊಂಡಳು. "ಕರೆದೋರು ಅವ್ರು. ಹೋಗ್ಬೇಕಾದ್ದು ನಾವು. ಅವ್ರೇ ಬಂದ್ಬುಟ್ರೆ ನಾನ್ಯಾಕೆ ಆ ಮೆಟ್ಲೆಲ್ಲ ಹತ್ತಿ ಸತ್ತಿದ್ದು?" ಅಂದಳು. ಹಬ್ಬದ ಕಿಮೊನೊ ಮಡಚಿ ಪೆಟ್ಟಿಗೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದಳು, ಬಸ್ಸಿನವರೆಗೆ ಬರಲು ಅದೇ ಬೇಕಂತೆ. ಬಸ್ಸು ನಿಲ್ಲುವುದು ಗುಡಿಯ ಮೇಲಿನ ರಸ್ತೆಯಲ್ಲಿ. ಹಾಗಾಗಿ ಮೆಟ್ಟಿಲು ಹತ್ತುವುದು ಇನ್ನೂ ನಡೆದೇ ಇದೆ.

ನಿನ್ನ ಅಮ್ಮನಿಗೆ ಹೇಳು, ನಮ್ಮ ಮನೆ ನಿಜವಾಗಿಯೂ ಹರಡಿಕೊಂಡಿದೆ. ಕೆಳಗೆ ದೋಣಿ, ಬಲೆ, ಮೇಲೆ ನಾವು. 'ಮೇಲೆ ಬನ್ನಿ' ಎನ್ನುವುದನ್ನು ಒಂದೇ ಸಲ ಹೇಳುತ್ತೇವೆ, ಅಷ್ಟಕ್ಕೇ ಹತ್ತಿಬಿಡಬೇಕು. ಪೊರಕೆ ಬಾಗಿಲ ಹಿಂದೆ ಇದೆ, ಕೇಳಿದರೆ ಕೊಡುತ್ತೇನೆ.

ಕಾಲುಚೀಲ ಸಿದ್ಧವಾಗಿದೆ. ಅಂಚು ಬಿಚ್ಚಿ ದೊಡ್ಡದು ಮಾಡಿದ್ದೇನೆ, ಅಜ್ಜಿ ನೋಡಿಲ್ಲ.

ಇವತ್ತು ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಅಲೆಯ ಚಿತ್ತಾರದ ಆ ಹೊದಿಕೆ ಇನ್ನೂ ಇದೆ, ಬಣ್ಣ ಸ್ವಲ್ಪ ಹೋಗಿದೆ ಅಷ್ಟೇ. ಅದನ್ನು ಬಿದಿರಿನ ಮೇಲೆ ಹರವಿ ಬಡಿಯುತ್ತಿದ್ದೆ. ಅಜ್ಜಿ ಮೆಟ್ಟಿಲಿನಿಂದ ಇಳಿದು ಬಂದವಳು ನಿಂತು ನೋಡಿದಳು. "ಬೆಕ್ಕು ಸತ್ತು ಎಷ್ಟು ವರ್ಸ ಆಯ್ತು. ಈ ಸಲ ಹುಷಾರು ಅಂತ ಬರಿ ಕೂಸಿಗೆ" ಅಂದಳು. ಬರೆದಿದ್ದೇನೆ. ಆಮೇಲೆ ಹೊದಿಕೆಯನ್ನು ಮಗ್ಗುಲು ಬದಲಿಸಿ ಹಾಕಿ ಬಂದೆ.

ನಿನ್ನ ಅಕ್ಕ,
ನುಯಿ